ಅತ್ತೆ ಅಕ್ಷರ ಸರಿ ಓದುತ್ತಾರೆ, ಶಬ್ದ ಮಾತ್ರ ಸಿಗುವುದಿಲ್ಲ – ಎಂತ ಮಾಡುವುದು?

ಪೆರ್ಲದ ಸೊಸೆ

ನಮ್ಮತ್ತೆಗೆ 61 ವರ್ಷ. ಎರಡನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಬೀಡಿ ಕಟ್ಟಲಿಕ್ಕೆ ಕೂತವರು. ಮನೆಮಾತು ತುಳು, ಆದರೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಯಕ್ಷಗಾನದ ಆಟ, ಭಜನೆ, ದೇವಸ್ಥಾನ ಎಲ್ಲ ಕನ್ನಡದಲ್ಲೇ ಅಲ್ವಾ. ಕಳೆದ ಆಟಿ ತಿಂಗಳಲ್ಲಿ ಜೋರು ಮಳೆಗೆ ಮನೆಯಲ್ಲೇ ಕೂತಾಗ ಅವರೇ ಕೇಳಿದರು, ‘ನನಗೆ ಓದಲಿಕ್ಕೆ ಕಲಿಸ್ತೀಯಾ?’ ಅಂತ. ಈಗ 49 ಅಕ್ಷರ ಗೊತ್ತುಂಟು, ಕಾಗುಣಿತ ಆಯಿತು, ಒತ್ತಕ್ಷರ ಅರ್ಧಕ್ಕರ್ಧ ಬರುತ್ತದೆ. ಮರ, ಅಡಿಕೆ, ಕೋಳಿ, ಬಾಳೆಗೊನೆ – ಇಷ್ಟು ಕಷ್ಟವಿಲ್ಲ.

ತೊಂದರೆ ಶುರುವಾದದ್ದು ದೇವಸ್ಥಾನದ ಆಮಂತ್ರಣ ಪತ್ರಿಕೆ ಬಂದ ಮೇಲೆ. ಅದನ್ನು ತಾನೇ ಓದಬೇಕು ಅಂತ ಅವರಿಗೆ ಹಠ. ಮೊದಲ ಸಾಲಿನಲ್ಲೇ ‘ಬ್ರಹ್ಮಕಲಶೋತ್ಸವದಂದು’. ಉದ್ದ ಶಬ್ದ ನೋಡಿದರೆ ಕಣ್ಣು ಓಡಿಹೋಗುತ್ತದೆ ಅಂತ ನಾನೊಂದು ರಟ್ಟಿನಲ್ಲಿ ಸಣ್ಣ ಕಿಟಕಿ ಕತ್ತರಿಸಿ ಕೊಟ್ಟಿದ್ದೇನೆ. ಒಂದು ಸಲಕ್ಕೆ ಒಂದೇ ಅಕ್ಷರ ಕಾಣುತ್ತದೆ. ಅದನ್ನು ಸರಿಸುತ್ತಾ ಅವರು ಓದುವುದು ಹೀಗೆ:

‘ಬ… ರ… ಬ್ರ. ಹ… ಹಮ. ಕ. ಲ. ಶೋ. ತಸ. ವ. ದಂ. ದು.’

‘ಒಟ್ಟಿಗೆ ಹೇಳಿ ಅತ್ತೆ’ ಅಂದರೆ, ‘ಎಂತದೋ ದಂದು’ ಅನ್ನುತ್ತಾರೆ. ಅದೇ ಬ್ರಹ್ಮಕಲಶದ ಹೊರೆಕಾಣಿಕೆಗೆ ಎಷ್ಟು ತೆಂಗಿನಕಾಯಿ ಕೊಡುವುದು ಅಂತ ಬೆಳಗ್ಗಿನಿಂದ ಹತ್ತು ಸಲ ಮಾತಾಡಿದವರು ಇವರೇ! ಅಕ್ಷರ ಒಂದೊಂದೂ ಹೆಚ್ಚುಕಡಿಮೆ ಸರಿ ಉಂಟು, ಶಬ್ದ ಸಿಗುವುದಿಲ್ಲ. ಹಿರಿಯರಿಗೆ ಕಲಿಸಿದ ಅನುಭವ ಇದ್ದವರು ದಾರಿ ಹೇಳಿ.

ಬದಿಯಡ್ಕ ಬಾಯ್ಸ್

ಅಕ್ಕ, ಕನ್ನಡ ಬರೆದ ಹಾಗೇ ಓದುವ ಭಾಷೆ, ಓದಿದ ಹಾಗೇ ಬರೆಯುವ ಭಾಷೆ. ಇಂಗ್ಲಿಷಿನ ಹಾಗೆ ಸ್ಪೆಲ್ಲಿಂಗ್ ಬಾಯಿಪಾಠ ಇಲ್ಲ. ಅಕ್ಷರ ಬಂದಿದೆ ಅಂದಮೇಲೆ ಓದು ಬಂದ ಹಾಗೆಯೇ. ದಿನಾ ಹತ್ತು ಸಲ ಓದಿಸಿ, ವೇಗ ತಾನಾಗಿ ಬರುತ್ತದೆ. ಬೇರೆ ಎಂತ ಮಾಡಲಿಕ್ಕೂ ಇಲ್ಲ.

ಕಣ್ಣೂರು ರಿಟರ್ನ್ ಸಿಸ್ಟರ್

ಕಲಿಸುವ ವಿಚಾರ ಆಮೇಲೆ. ಮೊದಲು ಕಣ್ಣು. 61 ವರ್ಷ ಅಂದರೆ ಹತ್ತಿರದ್ದು ನೋಡಲು ಕನ್ನಡಕ ಬೇಕೇ ಬೇಕು, ನಲವತ್ತು ದಾಟಿದ ಮೇಲೆ ಎಲ್ಲರಿಗೂ ಬರುವುದು ಅದು. ಅವರು ಹಾಕುವುದು ಯಾರ ಕನ್ನಡಕ?

ಪೆರ್ಲದ ಸೊಸೆ

ಮಾವನದ್ದು 🙈 ಅವರು ತೀರಿಹೋಗಿ ಆರು ವರ್ಷ ಆಯಿತು. ಅದರಲ್ಲೇ ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ.

ಕಣ್ಣೂರು ರಿಟರ್ನ್ ಸಿಸ್ಟರ್

ಅದೇ ನೋಡಿ. ಒತ್ತಕ್ಷರ ದೊಡ್ಡ ಅಕ್ಷರದ ಅರ್ಧ ಗಾತ್ರಕ್ಕೆ ಕೆಳಗೆ ನೇತಾಡುತ್ತಿರುತ್ತದೆ. ಆಮಂತ್ರಣ ಪತ್ರಿಕೆಯಲ್ಲಂತೂ ಕೆಂಪು ಕಾಗದದ ಮೇಲೆ ಚಿನ್ನದ ಬಣ್ಣ. ಒಂದು ಕೆಲಸ ಮಾಡಿ. ಜಗಲಿಯ ನೆಲದಲ್ಲಿ ಚಾಕ್‌ಪೀಸಿನಿಂದ ಗೇಣುದ್ದದ ಅಕ್ಷರದಲ್ಲಿ ಅದೇ ಶಬ್ದ ಬರೆದು, ನಿಂತುಕೊಂಡು ಓದಲಿಕ್ಕೆ ಹೇಳಿ. ಅಲ್ಲಿ ತಪ್ಪು ಹೋಗಿಬಿಟ್ಟರೆ ತೊಂದರೆ ಕಣ್ಣಿನದ್ದು. ಅಲ್ಲಿಯೂ ಅದೇ ‘ಹಮ’, ಅದೇ ‘ತಸ’ ಬಂದರೆ ಕಣ್ಣಿನದ್ದಲ್ಲ. ಎರಡಾದರೂ ಆ ಕನ್ನಡಕ ಬದಲಿಸಿ.

ಹೊಸಂಗಡಿ ಹಮೀದ್ಚ

ನನ್ನದೂ ಇದೇ ಕಥೆ, ಸ್ವಲ್ಪ ಬೇರೆ. ನಾನು ಮಲಯಾಳ ಮೀಡಿಯಂ, ಕನ್ನಡ ಓದಲು ಕಲಿತದ್ದು 44ನೇ ವಯಸ್ಸಿನಲ್ಲಿ. ಮಂಗಳೂರಿಗೆ ಮೀನು ಲೋಡು ಹೋಗುವಾಗ ಬಿಲ್ಲು ಓದಬೇಕಲ್ಲ. ನನಗೆ ಅಕ್ಷರ ಕಷ್ಟ ಆಗಲಿಲ್ಲ, ಆ ಅರ್ಕಾವೊತ್ತು ಮಾತ್ರ ಜೀವ ತಿಂದಿತು. ಮಲಯಾಳದಲ್ಲಿ ‘ವರ್ಷ’ ಬರೆಯುವಾಗ ಆ ‘ರ್’ಗೆ ಬೇರೆಯೇ ಚಿಲ್ಲಕ್ಷರ ಉಂಟು, ಅದು ‘ಷ’ಕ್ಕಿಂತ ಮೊದಲೇ ಸಾಲಿನಲ್ಲಿ ನಿಲ್ಲುತ್ತದೆ. ಬಾಯಿಗೆ ಯಾವಾಗ ಬೇಕೋ ಕಣ್ಣಿಗೂ ಆವಾಗಲೇ ಸಿಗುತ್ತದೆ. ಕನ್ನಡದಲ್ಲಿ ಅದು ಅಕ್ಷರ ದಾಟಿದ ಮೇಲೆ ಬಲಗಡೆ ಬಂದು ಕೂರುತ್ತದೆ. ಹಾಗಾಗಿ ನಾನು ಎಷ್ಟೋ ದಿನ ವರ್ಕಾಡಿಯನ್ನು ‘ವಕಾರ್ಡಿ’ ಅಂತ ಓದುತ್ತಿದ್ದೆ. ಹುಟ್ಟಿದಾಗಿನಿಂದ ಬಲ್ಲ ಊರು, ಪಕ್ಕದ ಪಂಚಾಯತು! ಬೋರ್ಡು ನೋಡಿ ಇದೆಲ್ಲಿಯ ವಕಾರ್ಡಿ ಅಂತ ಯೋಚನೆ ಮಾಡಿದ್ದೇನೆ.

ಒಳ್ಳೆಯ ಅಕ್ಷರ ಚಾರ್ಟು ಎಲ್ಲಿ ಸಿಗುತ್ತದೆ ಅಂತ ನೀವು ಕೇಳಿದ್ದೀರಲ್ಲ, ಕಾಸರಗೋಡಿನ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ.

ಪೆರ್ಲದ ಸೊಸೆ

ಚಾರ್ಟು ಕೇಳಿದ್ದಲ್ಲ ಹಮೀದ್ಚ 😀 ಚಾರ್ಟು ಉಂಟು, ಅಡುಗೆಕೋಣೆಯ ಗೋಡೆಯಲ್ಲೇ ಉಂಟು. ಆದರೆ ನಿಮ್ಮ ವಕಾರ್ಡಿ ಅತ್ತೆಗೆ ಓದಿ ಹೇಳಿದೆ, ಹೊಟ್ಟೆ ಹಿಡಿದುಕೊಂಡು ನಗಾಡಿದರು.

ಸಿಸ್ಟರ್, ಚಾಕ್‌ಪೀಸಿನಲ್ಲಿ ಬರೆದು ನೋಡಿದೆ. ದೊಡ್ಡ ಅಕ್ಷರದಲ್ಲಿ ‘ಬ್ರ’ ಒಂದೇ ಸಲಕ್ಕೆ ಬಂತು, ಮೊದಲಿನ ‘ಬ… ರ…’ ಇಲ್ಲ. ‘ಹಮ’, ‘ತಸ’ ಹಾಗೆಯೇ ಉಳಿದವು.

ಮಾಸ್ಟ್ರು ನೀರ್ಚಾಲು

ಆ ಕಿಟಕಿ ಕತ್ತರಿಸಿದ ರಟ್ಟನ್ನು ಒಲೆಗೆ ಹಾಕಿ. ತೊಂದರೆ ಮಾಡುತ್ತಿರುವುದೇ ಅದು.

ನಾನು 1990ರಲ್ಲಿ ಸಾಕ್ಷರತಾ ಆಂದೋಲನದ ರಾತ್ರಿ ತರಗತಿಗಳಲ್ಲಿ ಕಲಿಸಿದವನು. ಚಿಮಿಣಿ ದೀಪದ ಕೆಳಗೆ, ಹೆಚ್ಚಿನವರೂ ಬೀಡಿ ಕಟ್ಟುವ, ಅಡಿಕೆ ಸುಲಿಯುವ ಹೆಂಗಸರು. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ಎಂದು ಘೋಷಣೆಯಾಯಿತು. ನನ್ನ ತರಗತಿಯ ಅರ್ಧಕ್ಕರ್ಧ ಜನ ಅಂದಿಗೆ ಮುಟ್ಟಿದ್ದು ಈಗ ನಿಮ್ಮತ್ತೆ ನಿಂತಿರುವ ಜಾಗಕ್ಕೆ. ಅಕ್ಷರ ಬರುತ್ತದೆ, ಶಬ್ದ ಬರುವುದಿಲ್ಲ. ಆಮೇಲೆ ಅವರು ಹಾಗೆಯೇ ಬಿಟ್ಟರು. ಆಗ ನನಗೂ ಕಾರಣ ಗೊತ್ತಿರಲಿಲ್ಲ. ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ನಿಧಾನಕ್ಕೆ ‘ಅಕ್ಕ’ ಅಂತ ಹೇಳಿ ನೋಡಿ. ನಿಮ್ಮ ಬಾಯಿ ಎಲ್ಲಿ ನಿಂತಿತು? ‘ಅಕ್’ ಅಂದು ನಿಂತಿತು, ಆಮೇಲೆ ‘ಕ’. ಕಾಗದದ ಮೇಲೆ ಎಲ್ಲಿ ತುಂಡಾಗುತ್ತದೆ? ‘ಅ’, ಆಮೇಲೆ ‘ಕ್ಕ’. ಬರವಣಿಗೆ ತುಂಡು ಮಾಡುವ ಜಾಗ ಒಂದು, ಬಾಯಿ ತುಂಡು ಮಾಡುವ ಜಾಗ ಇನ್ನೊಂದು. ಒತ್ತಕ್ಷರ ಇಲ್ಲದ ಶಬ್ದದಲ್ಲಿ ಎರಡೂ ಒಂದೇ ಕಡೆ ಬರುತ್ತವೆ, ಹಾಗಾಗಿ ‘ಬಾಳೆಗೊನೆ’ ನಿಮ್ಮತ್ತೆಗೆ ಸಲೀಸು. ಒತ್ತಕ್ಷರ ಬಂದ ಕೂಡಲೇ ಎರಡೂ ಬೇರೆಯಾಗುತ್ತವೆ.

ನಿಮ್ಮ ಕಿಟಕಿಯಲ್ಲಿ ‘ಹ್ಮ’ ಒಂದೇ ಕಾಣುತ್ತದೆ. ಹಿಂದೆ ಮುಂದೆ ಏನೂ ಇಲ್ಲದೆ ‘ಹ್ಮ’ ಅಂತ ಶುರು ಮಾಡಲು ಯಾರ ಬಾಯಿಗೂ ಬರುವುದಿಲ್ಲ. ನೀವೇ ಹೇಳಿ ನೋಡಿ. ಹಾಗಾಗಿ ಅವರು ನಡುವೆ ಒಂದು ‘ಅ’ ಸೇರಿಸಿಕೊಂಡು ‘ಹಮ’ ಅನ್ನುತ್ತಾರೆ. ‘ತ್ಸ’ದ ಕಥೆಯೂ ಅದೇ, ‘ತಸ’. ಈಗ ಶಬ್ದ ‘ಬ್ರ-ಹಮ-ಕ-ಲ-ಶೋ-ತಸ-ವ’ ಆಯಿತು. ಇದು ಅವರಿಗೆ ಗೊತ್ತಿರುವ ಯಾವ ಶಬ್ದವೂ ಅಲ್ಲ. ಅವರು ಮರೆತದ್ದಲ್ಲ, ಕಿವಿಗೆ ಬಿದ್ದದ್ದೇ ಬೇರೆ.

ನಾನು ಆಮೇಲೆ ಮಾಡಿಕೊಂಡ ಉಪಾಯ ಒಂದೇ: ಒತ್ತಕ್ಷರದ ಹಿಂದೆ ಬೆರಳು ನಿಲ್ಲಬಾರದು. ಮುಂದಿನ ಅಕ್ಷರದ ಕಾಲಬುಡದಲ್ಲಿ ಏನಾದರೂ ಉಂಟಾ ಎಂದು ಮೊದಲು ನೋಡಬೇಕು. ಉಂಟು ಅಂದರೆ, ಅದರ ಮೇಲಿನ ವ್ಯಂಜನವನ್ನು ಹಿಂದಿನದಕ್ಕೆ ಸೇರಿಸಿ ಹೇಳಿ ಅಲ್ಲಿ ನಿಲ್ಲಬೇಕು. ‘ಬ್ರಹ್’ ಎಂದು ನಿಂತು ‘ಮ’. ‘ಶೋತ್’ ಎಂದು ನಿಂತು ‘ಸ’. ಕಿಟಕಿಯ ರಟ್ಟಿನಲ್ಲಿ ಇದು ಆಗುವುದೇ ಇಲ್ಲ, ಏಕೆಂದರೆ ಮುಂದಿನ ಒತ್ತು ಮುಚ್ಚಿಹೋಗಿದೆ, ಹಿಂದೆ ಓದಿದ್ದೂ ಮುಚ್ಚಿಹೋಗಿದೆ.

ರಟ್ಟು ಬೇಕೇ ಬೇಕಾದರೆ ಕಿಟಕಿ ಇಲ್ಲದ ಚೂರು ತೆಗೆದುಕೊಳ್ಳಿ. ಶಬ್ದದ ಬಲಭಾಗ ಮಾತ್ರ ಮುಚ್ಚಿ, ಸರಿಸುತ್ತಾ ಹೋಗಿ. ಓದಿದ್ದು ಕಣ್ಣೆದುರೇ ಉಳಿಯಬೇಕು. ಪ್ರತಿ ಸಲ ಮೊದಲಿನಿಂದ ಹೇಳಿಸಿ: ‘ಬ್ರಹ್ಮ’. ಇನ್ನು ಸ್ವಲ್ಪ ಸರಿಸಿ, ‘ಬ್ರಹ್ಮಕಲ’. ಇನ್ನು ಸ್ವಲ್ಪ, ‘ಬ್ರಹ್ಮಕಲಶೋತ್ಸವ’. ಒಂಬತ್ತು ಅಕ್ಷರ ಒಂಬತ್ತು ಗೋಲಿಯ ಹಾಗೆ, ಒಂದು ಕೈಯಲ್ಲಿ ಹಿಡಿಯಲಾಗುವುದಿಲ್ಲ. ಮೂರು ಮುಷ್ಟಿ ಮಾಡಿದರೆ ಹಿಡಿಯುತ್ತದೆ.

ತಾಳಮದ್ದಳೆ ಭಟ್ರು

ಮಾಸ್ಟ್ರು ಹೇಳಿದ್ದನ್ನು ಛಂದಸ್ಸಿನವರು ಸಾವಿರ ವರ್ಷದ ಹಿಂದೆಯೇ ಕಂಡುಕೊಂಡಿದ್ದಾರೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು. ‘ಅಕ್ಕ’ದಲ್ಲಿ ‘ಅ’ ಹ್ರಸ್ವವಾದರೂ ಎರಡು ಮಾತ್ರೆ ತೂಗುತ್ತದೆ, ಮುಂದಿನ ‘ಕ್’ ಅದರ ಮೈಮೇಲೆ ಬಿದ್ದದ್ದರಿಂದ. ಶಾಲೆಯಲ್ಲಿ ಪ್ರಸ್ತಾರ ಹಾಕಲು ಕಲಿತವರಿಗೆಲ್ಲ ಇದು ಗೊತ್ತು, ಓದಿಗೂ ಇದೇ ಅಂತ ಯಾರೂ ಹೇಳಿಕೊಡುವುದಿಲ್ಲ.

ಆದರೆ ಮಾಸ್ಟ್ರೆ, ಒಂದು ತಕರಾರು. ನಿಮ್ಮ ಉಪಾಯವನ್ನು ‘ಕಾರ್ಯಕ್ರಮ’ಕ್ಕೆ ಹಾಕಿ ನೋಡಿ. ‘ಕಾರ್-ಯಕ್-ರಮ’ ಆಗುತ್ತದೆ. ಯಾರು ಹಾಗೆ ಹೇಳುತ್ತಾರೆ? ‘ಕಾರ್ಯ, ಕ್ರಮ’ ಎಂದೇ ಅಲ್ಲವೇ ಬಾಯಿಗೆ ಬರುವುದು?

ಮಾಸ್ಟ್ರು ನೀರ್ಚಾಲು

ಒಪ್ಪುತ್ತೇನೆ, ಅಲ್ಲಿ ನನ್ನ ಉಪಾಯ ನಡೆಯುವುದಿಲ್ಲ. ಎರಡು ಶಬ್ದ ಸೇರಿದ ಜೋಡುಶಬ್ದದಲ್ಲಿ ಎರಡನೆಯದರ ತಲೆಯಲ್ಲೇ ರ-ಒತ್ತು ಇದ್ದರೆ ಒಂದಾಗಿಯೇ ಹೇಳಬೇಕು. ಶಬ್ದದ ಮೊದಲಲ್ಲೇ ಇರುವ ‘ಬ್ರ’, ‘ಪ್ರ’, ‘ಸ್ವ’ಗಳಿಗೂ ಹಾಗೆಯೇ, ಹಿಂದೆ ಸೇರಿಸಲು ಏನೂ ಇಲ್ಲ. ಆದರೆ ಕಲಿಯುವವರಿಗೆ ಮೊದಲ ದಿನವೇ ಇಷ್ಟೆಲ್ಲ ಹೇಳಿದರೆ ಪುಸ್ತಕ ಮುಚ್ಚಿಟ್ಟು ಹೋಗುತ್ತಾರೆ. ‘ಕಾರ್-ಯಕ್-ರಮ’ ಅಂತ ಒಮ್ಮೆ ಹೇಳಿದರೂ ಆ ಶಬ್ದ ಅವರಿಗೆ ಸಿಗುತ್ತದೆ. ‘ಕಾರಯಕರಮ’ದಲ್ಲಿ ಸಿಗುವುದಿಲ್ಲ.

ತಾಳಮದ್ದಳೆ ಭಟ್ರು

ಸಿಗುತ್ತದೆ ಎಂಬುದಕ್ಕಾಗಿ ತಪ್ಪು ಉಚ್ಚಾರ ಕಲಿಸಬಹುದೇ ಎಂಬುದೇ ನನ್ನ ಪ್ರಶ್ನೆ.

ಪೆರ್ಲದ ಸೊಸೆ

ಮಾಸ್ಟ್ರೆ, ರಟ್ಟು ಒಲೆಗೆ ಹೋಯಿತು. ಅದರಲ್ಲಿ ಕಾಯಿಸಿದ ನೀರಿನಲ್ಲಿ ಮಿಂದದ್ದೂ ಆಯಿತು 😀

ನಿನ್ನೆ ರಾತ್ರಿ ನೀವು ಹೇಳಿದ ಹಾಗೆ ಮಾಡಿದೆ. ‘ಕಾಲಬುಡದಲ್ಲಿ ಎಂತಾದರೂ ಉಂಟಾ?’ ಅಂತ ನಾನು ಕೇಳುವುದು, ಅವರು ಬಗ್ಗಿ ನೋಡುವುದು. ‘ಶೋತ್-ಸವ’ ಎರಡನೇ ಸಲಕ್ಕೇ ಬಂತು. ‘ಓ, ಉತ್ಸವ!’ ಅಂತ ಅವರೇ ಹೇಳಿದರು. ‘ದಂದು’ವನ್ನು ಮೊದಲು ‘ದಮ್-ದು’ ಅಂದರು. ‘ಅಂ’ ಅಂದರೆ ‘ಅಮ್’ ಅಂತ ಹೇಳಿಕೊಟ್ಟವಳು ನಾನೇ. ‘ಹಿಂದು, ಮುಂದು ಹೇಳುವ ಹಾಗೆ’ ಅಂದ ಕೂಡಲೇ ಸರಿಯಾಯಿತು.

ಆದರೆ ಮೊದಲಿನ ತುಂಡು ಮಾತ್ರ ಆಗಲೇ ಇಲ್ಲ. ‘ಬ್ರಹ್-ಮ, ಬ್ರಹ್-ಮ’ ಅಂತ ಐದಾರು ಸಲ ಸರಿಯಾಗಿಯೇ ಹೇಳಿದರು. ಅಕ್ಷರ ಪ್ರಕಾರ ಒಂದು ಕೂದಲೆಳೆಯ ತಪ್ಪೂ ಇಲ್ಲ. ಅರ್ಥ ಆಗಲಿಲ್ಲ. ಕೊನೆಗೆ ಸಿಟ್ಟು ಬಂದು ಕನ್ನಡಕ ತೆಗೆದಿಟ್ಟರು.

ಕುಂಬಳೆ ಪ್ರಿಂಟಿಂಗ್

ಸಿಟ್ಟು ಬರುವುದು ಸರಿಯೇ. ನೀವೇ ‘ಬ್ರಹ್ಮ’ ಅಂತ ಜೋರಾಗಿ ಹೇಳಿ ನೋಡಿ. ಬರೆದದ್ದು ಹ, ಕೆಳಗೆ ಮ. ಬಾಯಲ್ಲಿ ಬರುವುದು ಮೊದಲು ಮ, ಆಮೇಲೆ ಹ – ‘ಬ್ರಮ್ಹ’. ನಮ್ಮ ಕಡೆ ‘ಹ’ವೂ ಹೋಗಿ ‘ಬ್ರಮ್ಮ’. ‘ಚಿಹ್ನೆ’ಯೂ ಹಾಗೆ, ಹೇಳುವುದು ‘ಚಿನ್ಹೆ’. ‘ಮಧ್ಯಾಹ್ನ’ ಯಾರಾದರೂ ಬರೆದ ಹಾಗೆ ಹೇಳುವುದುಂಟಾ? ಬರೆದ ಹಾಗೇ ಓದುವ ಭಾಷೆ ಅಂದ ಬದಿಯಡ್ಕದವರು ಇದಕ್ಕೆ ಎಂತ ಹೇಳುತ್ತಾರೆ?

ನಾನು ಆಮಂತ್ರಣ ಪತ್ರಿಕೆ ಟೈಪ್ ಮಾಡುವವನು. ಬ್ರಹ್ಮಕಲಶದ ಸೀಸನ್ನಿನಲ್ಲಿ ಈ ಶಬ್ದವನ್ನು ದಿನಕ್ಕೆ ನೂರು ಸಲ ಹೊಡೆಯುತ್ತೇನೆ. ಮ್ಯಾಟರ್ ತಂದವರು ಎಷ್ಟೋ ಮಂದಿ ‘ಬ್ರಮ್ಹ’ ಅಂತಲೇ ಬರೆದು ತರುತ್ತಾರೆ, ನಾವು ತಿದ್ದುವುದು. ಓದು ಬಲ್ಲವರ ಕೈಯೇ ಬಾಯಿಯ ಹಿಂದೆ ಹೋಗುತ್ತದೆ ಅಂದಮೇಲೆ ನಿಮ್ಮತ್ತೆಯದ್ದು ಎಂತ ತಪ್ಪು?

ಬದಿಯಡ್ಕ ಬಾಯ್ಸ್

ಸರಿ ಸರಿ, ಒಂದೆರಡು ಶಬ್ದ ಹಾಗೆ ಇರಬಹುದು. ಉಳಿದದ್ದು ಬರೆದ ಹಾಗೆಯೇ ಅಲ್ವಾ?

ಕುಂಬಳೆ ಪ್ರಿಂಟಿಂಗ್

ಶಬ್ದ ಹೆಚ್ಚಿನದ್ದೂ ಬರೆದ ಹಾಗೆಯೇ, ಒಪ್ಪಿದೆ. ಆದರೆ *ಬರೆದ ಕ್ರಮದಲ್ಲಿ* ಅಲ್ಲ. ‘ಉಪಸ್ಥಿತಿ’ ನೋಡಿ, ಅದೂ ಎಲ್ಲ ಪತ್ರಿಕೆಯಲ್ಲಿ ಇರುತ್ತದೆ. ಕಣ್ಣಿಗೆ ಮೊದಲು ಕಾಣುವುದು ಮೇಲೆ ‘ಸಿ’, ಆಮೇಲೆ ಕೆಳಗೆ ಥ-ಒತ್ತು. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಗೆ ಓದಿದರೆ ‘ಉ-ಪ-ಸಿ-ಥ-ತಿ’. ಆ ಗುಡಿಸು ಸ-ದ ತಲೆಯ ಮೇಲೆ ಕೂತಿದ್ದರೂ ಅದು ಸ-ದ್ದಲ್ಲ, ಒತ್ತು ಆದ ಮೇಲೆ ಹೇಳಬೇಕಾದ್ದು. ಇನ್ನು ಹಮೀದ್ಚನ ಅರ್ಕಾವೊತ್ತು, ಅದು ಹಿಂದೆ ಹೇಳಬೇಕಾದ್ದು ಮುಂದೆ ಕೂತಿರುತ್ತದೆ.

ಅಕ್ಕ, ನಿಮಗೊಂದು ಉಪಾಯ. ಅತ್ತೆಯ ಕೈಗೆ ಮೊಬೈಲ್ ಕೊಟ್ಟು ಕನ್ನಡ ಕೀಬೋರ್ಡಿನಲ್ಲಿ ಅವರೇ ಒತ್ತಲಿ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವುದು ಬೇಡ. ‘ಸ’ ಒತ್ತಿ, ಅರ್ಧ ಮಾಡುವ ಚಿಹ್ನೆ ಒತ್ತಿ, ‘ಥ’ ಒತ್ತಿ, ಕೊನೆಗೆ ಗುಡಿಸು ಒತ್ತಿ. ಗುಡಿಸು ಒತ್ತಿದ್ದು ಕೊನೆಗೆ, ಆದರೆ ಅದು ಹಾರಿ ಹೋಗಿ ಸ-ದ ತಲೆಯ ಮೇಲೆ ಕೂರುವುದು ಕಣ್ಣೆದುರೇ ಕಾಣುತ್ತದೆ. ‘ವರ್ಕಾಡಿ’ ಹೊಡೆಸಿ. ವ ಆದ ಮೇಲೆ ರ, ಅರ್ಧ, ಕ. ಕ ಒತ್ತಿದ ಕೂಡಲೇ ಆ ‘ರ್’ ಕ-ವನ್ನು ದಾಟಿ ಬಲಕ್ಕೆ ಹಾರುತ್ತದೆ. ಟೈಪ್ ಮಾಡುವ ಕ್ರಮ ಬಾಯಿಯ ಕ್ರಮ, ಪರದೆಯಲ್ಲಿ ಕಾಣುವುದು ಕಣ್ಣಿನ ಕ್ರಮ. ನನ್ನ ಅಂಗಡಿಗೆ ಬಂದ ಹುಡುಗರಿಗೆ ನಾನು ಒತ್ತಕ್ಷರ ಕಲಿಸುವುದೇ ಹೀಗೆ.

ಇನ್ನೊಂದು. ಅಕ್ಷರ ಬಿಡಿಸಿ ಬರೆಯುತ್ತೇನೆ ಅಂತ ‘ಸ್ ಥಿ’ ಎಂದು ಬೇರೆ ಮಾಡಿ ಪ್ರಿಂಟ್ ತೆಗೆಯಬೇಡಿ. ಹಾಗೆ ಕಲಿತರೆ ನಿಜವಾದ ಪತ್ರಿಕೆಯಲ್ಲಿ ಒತ್ತು ಕಂಡಾಗ ಗುರುತೇ ಸಿಗುವುದಿಲ್ಲ. ತ, ನ, ಮ, ಯ, ರ, ಲ – ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಮುಖಪರಿಚಯವೇ ಇಲ್ಲ. ಉಳಿದವು ಹೆಚ್ಚಾಗಿ ತಲೆಕಟ್ಟು ತೆಗೆದ ಸಣ್ಣ ರೂಪ, ನೋಡಿದರೆ ಗೊತ್ತಾಗುತ್ತದೆ. ಈ ಆರನ್ನು ಬೇರೆಯೇ ಕೂರಿಸಿ ಕಲಿಸಿ.

ಹೊಸಂಗಡಿ ಹಮೀದ್ಚ

ಈ ಹಾರುವ ಸಂಗತಿ ನನಗೆ ಹತ್ತು ವರ್ಷ ಮೊದಲು ಯಾರಾದರೂ ಹೇಳಿದ್ದರೆ!

ಸೀತಾಂಗೋಳಿ ಟೀಚರ್

ಇಷ್ಟೆಲ್ಲ ಅಕ್ಷರ ಬಿಡಿಸುವುದು ಯಾಕೆ? ಉದ್ದ ಶಬ್ದವನ್ನು ಅರ್ಥದ ಜಾಗದಲ್ಲಿ ತುಂಡು ಮಾಡಿ ಓದಿಸಿ. ಬ್ರಹ್ಮ + ಕಲಶ + ಉತ್ಸವ + ದಂದು. ನಾಲ್ಕೂ ಗೊತ್ತಿರುವ ಶಬ್ದಗಳು. ಕನ್ನಡದ ಉದ್ದ ಶಬ್ದಗಳೆಲ್ಲ ಸಣ್ಣ ಶಬ್ದಗಳ ಮಾಲೆ. ಬಾಲವನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಸಾಕು. ‘ಗಳಲ್ಲಿ’, ‘ಗಳಿಗೆ’, ‘ದಂದು’, ‘ಲಾಗುವುದು’ – ಇಂಥ ಹತ್ತು ಹದಿನೈದು ಬಾಲ ಗುರುತು ಸಿಕ್ಕಿದರೆ ಶಬ್ದ ಅರ್ಧವಾಗುತ್ತದೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಮಾಡಿಸುವುದು ಹೀಗೆ.

ಮಾಸ್ಟ್ರು ನೀರ್ಚಾಲು

ಬಾಲ ಮುಚ್ಚುವುದು ಒಳ್ಳೆಯ ಉಪಾಯ ಟೀಚರ್, ನಾನೂ ಮಾಡುತ್ತೇನೆ. ಆದರೆ ‘ಕಲಶ + ಉತ್ಸವ’ ಎಂದು ಬೆರಳು ಎಲ್ಲಿ ಇಡುತ್ತೀರಿ? ಆ ಕತ್ತರಿ ಬೀಳುವುದು ‘ಶೋ’ ಎಂಬ ಒಂದೇ ಅಕ್ಷರದ ಹೊಟ್ಟೆಯೊಳಗೆ. ‘ಶ’ದ ‘ಅ’ ಹೋಯಿತು, ‘ಉ’ ಹೋಯಿತು, ಎರಡೂ ಸೇರಿ ‘ಓ’ ಬಂತು. ಕಾಗದದ ಮೇಲೆ ಕಲಶವೂ ಇಲ್ಲ, ಉತ್ಸವವೂ ಇಲ್ಲ. ಮೊದಲೇ ಶಬ್ದ ಗೊತ್ತಿದ್ದವರಿಗೆ ಮಾತ್ರ ಅದು ಕಾಣುತ್ತದೆ. ಮಕ್ಕಳಿಗೆ ನೀವು ಬೋರ್ಡಿನಲ್ಲಿ ಬಿಡಿಸಿ ಬರೆದು ತೋರಿಸಿರುತ್ತೀರಿ.

ಸೀತಾಂಗೋಳಿ ಟೀಚರ್

ಗೊತ್ತಿದ್ದವರಿಗೆ ಅಂದರೆ? ಅವರಿಗೆ ಉತ್ಸವ ಗೊತ್ತಲ್ಲ! ‘ಶೋತ್ಸವ’ ಅಂದಾಗ ‘ಓ ಉತ್ಸವ’ ಅಂತ ಅವರೇ ಹೇಳಿದ್ದಾರೆ, ಸೊಸೆ ಬರೆದದ್ದು ಓದಿ. ಮಕ್ಕಳಿಗಿಂತ ಹಿರಿಯರಿಗೆ ಇರುವ ಅನುಕೂಲವೇ ಅದು, ಶಬ್ದಗಳ ಕಣಜ ತುಂಬಿ ಕೂತಿದೆ. ಅದನ್ನು ಬಿಟ್ಟು ಬರೀ ಸದ್ದಿನ ಹಿಂದೆ ಹೋಗುವುದು ಯಾಕೆ?

ಮಾಸ್ಟ್ರು ನೀರ್ಚಾಲು

ಮೊದಲು ಸದ್ದು ಸರಿ ಬಿತ್ತು, ಆಮೇಲೆ ಅರ್ಥ ಎದ್ದು ಬಂತು. ಕ್ರಮ ಅದು. ನಿಮ್ಮದು ಉಲ್ಟಾ.

ಸೀತಾಂಗೋಳಿ ಟೀಚರ್

ಎರಡೂ ಒಟ್ಟೊಟ್ಟಿಗೇ ನಡೆಯುತ್ತದೆ ಮಾಸ್ಟ್ರೆ. ಇದರಲ್ಲಿ ನಮಗಿಬ್ಬರಿಗೆ ಸರಿಬೀಳಲಿಕ್ಕಿಲ್ಲ.

ತಾಳಮದ್ದಳೆ ಭಟ್ರು

ಉಚ್ಚಾರದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ‘ಕಲಸ’ ಅಲ್ಲ, ‘ಕಲಶ’. ‘ಉಪಸ್ತಿತಿ’ ಅಲ್ಲ, ‘ಉಪಸ್ಥಿತಿ’. ಕಲಿಯುವಾಗಲೇ ಮಹಾಪ್ರಾಣ ತಿದ್ದದಿದ್ದರೆ ಆಮೇಲೆ ತಿದ್ದುವುದು ಯಾವಾಗ?

ಪೆರ್ಲದ ಸೊಸೆ

ಭಟ್ರೆ, ಅತ್ತೆಯ ತುಳು ಬಾಯಿಗೆ ಮಹಾಪ್ರಾಣ ಬರುವುದಿಲ್ಲ, ನಿಜ ಹೇಳಬೇಕಾದರೆ ನನ್ನ ಬಾಯಿಗೂ ಬರುವುದಿಲ್ಲ. ‘ಥ’ ಅಕ್ಷರವನ್ನು ಕಣ್ಣು ಗುರುತಿಸಿದರೆ ಸಾಕು, ಬಾಯಲ್ಲಿ ‘ತ’ ಬರಲಿ. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವುದಕ್ಕೆ ಹೊರಟದ್ದಲ್ಲ, ಆಮಂತ್ರಣ ಓದಲಿಕ್ಕೆ.

ತಾಳಮದ್ದಳೆ ಭಟ್ರು

ಆಯಿತು ಮಗಳೇ, ನಿಮ್ಮ ಮನೆಯ ವಿಷಯ. ಅರ್ಥಕ್ಕೆ ಕೂತರೆ ಮಾತ್ರ ನಾನು ಬಿಡುವವನಲ್ಲ.

ಪೆರ್ಲದ ಸೊಸೆ

ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಹೊಸ ಕನ್ನಡಕ ಬಂತು ಸಿಸ್ಟರ್. ‘ಕಾಗದ ಇಷ್ಟು ಬೆಳ್ಳಗೆ ಇತ್ತಾ’ ಅಂತ ಕೇಳಿದರು.

ಬ್ರಹ್ಮದ ಕಥೆ ಮೊದಲು. ಕುಂಬಳೆಯವರು ಹೇಳಿದ್ದನ್ನು ಅತ್ತೆಗೆ ಹೇಳಿದೆ. ‘ಇಲ್ಲಿ ಹ ಮೇಲೆ ಕೂತಿದ್ದರೂ ಬಾಯಲ್ಲಿ ಮ ಮೊದಲು ಬರುವುದು.’ ಅವರು ಒಂದು ಗಳಿಗೆ ಸುಮ್ಮನೆ ನೋಡಿ, ‘ಬ್ರಮ್ಮ! ಬ್ರಮ್ಮಕಲಸ! ಹಾಗಾದರೆ ಬರೆದವನಿಗೆ ಗೊತ್ತಿಲ್ಲವಾ?’ ಅಂದರು. ನನಗೆ ಉತ್ತರ ಹೇಳಲಾಗಲಿಲ್ಲ. ಇಡೀ ಶಬ್ದ ಮೂರು ತುಂಡಿನಲ್ಲಿ ಬಂತು: ಬ್ರಹ್ಮ, ಕಲ, ಶೋತ್ಸವದಂದು. ಟೀಚರ್ ಹೇಳಿದ ಹಾಗೆ ಬಾಲ ಮುಚ್ಚಿದ್ದೂ ಉಪಯೋಗವಾಯಿತು.

ಮಾರನೇ ದಿನ ಅದೇ ಪತ್ರಿಕೆಯ ‘ಜೀರ್ಣೋದ್ಧಾರ’. ನಾನೇ ಹೆದರಿದ್ದೆ. ಅರ್ಕಾವೊತ್ತು, ಕೊಂಬು, ದೀರ್ಘ, ಮುಂದೆ ದ್ಧಾ, ಎಲ್ಲ ಒಟ್ಟಿಗೆ. ‘ಜೀ’ ಅಂದು ಮುಂದೆ ನೋಡಿದರು. ‘ಇಲ್ಲಿ ವಕಾರ್ಡಿ ಉಂಟು’ ಅಂದರು! ಹಮೀದ್ಚ, ನಮ್ಮ ಮನೆಯಲ್ಲಿ ಅರ್ಕಾವೊತ್ತಿಗೆ ಈಗ ಅದೇ ಹೆಸರು. ‘ಜೀರ್… ಣೋದ್… ದಾರ.’ ಎರಡು ಸಲ ಹೇಳಿದ ಮೇಲೆ ‘ಜೀರ್ಣೋದ್ದಾರ’ ಆಯಿತು. ಆ ‘ಣೋ’ದೊಳಗೂ ‘ಶೋ’ದ ಹಾಗೆಯೇ ಒಂದು ‘ಉ’ ಅಡಗಿದೆ, ಜೀರ್ಣ-ಉದ್ಧಾರ ಅಂತ ನಾನು ಹೇಳಿದೆ. ಅದು ಅವರಿಗೆ ಬೇಡವಾಗಿತ್ತು, ಶಬ್ದ ಸಿಕ್ಕಿ ಆಗಿತ್ತು.

ಮೊನ್ನೆ ಮಾತ್ರ ಒಂದು ವಿಚಿತ್ರ ಆಯಿತು. ‘ಅನ್ನಸಂತರ್ಪಣೆ’ ಕಣ್ಣು ಮಿಟುಕಿಸುವುದರೊಳಗೆ ಓದಿಬಿಟ್ಟರು. ಸಂಶಯ ಬಂತು. ಕೇಳಿದರೆ, ‘ಮಧ್ಯಾಹ್ನದ ಹೊತ್ತಿಗೆ ಎದುರು ಅದಲ್ಲದೆ ಇನ್ನೆಂತ ಇರುತ್ತದೆ?’ ಅಂದರು. ಇದನ್ನು ಓದು ಅಂತ ಲೆಕ್ಕ ಹಿಡಿಯಬಹುದಾ?

ಸೀತಾಂಗೋಳಿ ಟೀಚರ್

ಧಾರಾಳ ಹಿಡಿಯಿರಿ. ನಾವು ನೀವು ಪೇಪರ್ ಓದುವುದೂ ಹಾಗೆಯೇ, ಪ್ರತಿ ಅಕ್ಷರ ನೋಡುತ್ತೇವಾ?

ಮಾಸ್ಟ್ರು ನೀರ್ಚಾಲು

ನಾವು ನೋಡಬಲ್ಲೆವು, ಬೇಕಾದಾಗ. ಅವರಿಗೆ ಆಗುತ್ತದೋ ಎಂದು ತಿಳಿಯಬೇಕಲ್ಲ. ಪರೀಕ್ಷೆ ಸುಲಭ. ಮುಖ ಒಂದೇ ಥರ ಇರುವ ಶಬ್ದ, ಯಾವ ಪತ್ರಿಕೆಯೂ ಇಲ್ಲದ ಖಾಲಿ ಕಾಗದದಲ್ಲಿ ಬರೆದುಕೊಡಿ. ‘ರಥೋತ್ಸವದಂದು’ ಬರೆಯಿರಿ, ತಲೆ ಬೇರೆ, ಬಾಲ ಅದೇ. ಆಮೇಲೆ ‘ಕಲಶಾಭಿಷೇಕ’ ಬರೆಯಿರಿ, ತಲೆ ಅದೇ, ಬಾಲ ಬೇರೆ. ಊಹೆ ಮಾಡುವವರು ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ, ಏಕೆಂದರೆ ತಲೆ ನೋಡಿದ ಕೂಡಲೇ ಬಾಯಿ ಓಡುತ್ತದೆ.

ಪೆರ್ಲದ ಸೊಸೆ

ಮಾಡಿದೆ. ‘ರಥೋತ್ಸವದಂದು’ ನಿಧಾನಕ್ಕೆ, ಆದರೆ ಸರಿಯಾಗಿ ಬಂತು, ‘ರತೋತ್-ಸವ-ದಂದು’. ‘ಕಲಶಾಭಿಷೇಕ’ ನೋಡಿ ಒಂದೇ ಉಸಿರಿಗೆ ‘ಕಲಸೋತ್ಸವ’ ಅಂದರು. ನಾನು ಏನೂ ಹೇಳಲಿಲ್ಲ, ಬೆರಳನ್ನು ‘ಶಾ’ದ ಕೆಳಗೆ ಇಟ್ಟೆ. ಕನ್ನಡಕ ಮೇಲೆ ಸರಿಸಿಕೊಂಡು, ‘ಕಾಲಬುಡದಲ್ಲಿ ಎಂತದೂ ಇಲ್ಲ’ ಅಂದರು. ಆಮೇಲೆ ಮೊದಲಿನಿಂದ ಶುರು ಮಾಡಿದರು: ಕ. ಲ. ಶಾ.

ಹೊಸಂಗಡಿ ಹಮೀದ್ಚ

ಬ್ರಹ್ಮಕಲಶ ಯಾವತ್ತು ಅಕ್ಕ? ಅನ್ನಸಂತರ್ಪಣೆಗೆ ನಾವೂ ಬರುತ್ತೇವೆ. ಪತ್ರಿಕೆ ಬಾಗಿಲಲ್ಲಿ ನಿಮ್ಮತ್ತೆಯೇ ಓದಿ ಹೇಳಬೇಕು.